ಸೈಬರ್ ದೂರಿನಲ್ಲಿ ಕೊಟ್ಟ ನಂಬರ್ ತಾಳೆ ಆಗ್ತಿಲ್ಲ ಅಂತಿದ್ದಾರೆ, ದೂರನ್ನು ಹೇಗೆ ತಿದ್ದಿ ಬರೆಯಲಿ?

ತೋಟದಮನೆ_ಹರಿಹರ

ನಮಸ್ಕಾರ. ನಮ್ಮ ಮಾವನವರು ಫೇಸ್‌ಬುಕ್‌ನಲ್ಲಿ ಹಳೇ ಪವರ್ ಟಿಲ್ಲರ್ ಮಾರಾಟಕ್ಕಿದೆ ಅನ್ನೋ ಜಾಹೀರಾತು ನೋಡಿ ಮೋಸ ಹೋಗಿದ್ದಾರೆ. ಮಾರುವವನು ತಾನು ಮಿಲಿಟರಿಯವನು, ವರ್ಗಾವಣೆ ಆಗಿದೆ ಅಂತ ಹೇಳಿದ್ದ. ಜೂನ್ 18 ಮತ್ತು 19ರಂದು ಹಂತ ಹಂತವಾಗಿ ದುಡ್ಡು ಹಾಕಿಸಿಕೊಂಡ. ನಮಗೆ ಗೊತ್ತಾಗಿದ್ದು 19ರ ಸಂಜೆ. ಆಗಲೇ 1930ಕ್ಕೆ ಫೋನ್ ಮಾಡಿದೆ, ದೂರಿನ ನಂಬರ್ ಮೆಸೇಜ್‌ನಲ್ಲಿ ಬಂತು. ಆಮೇಲೆ cybercrime.gov.in ನಲ್ಲಿ ಉಳಿದ ವಿವರ ತುಂಬಿದೆ.

ಈಗ ಎರಡು ವ್ಯವಹಾರದ ನಂಬರ್ ಸಿಗ್ತಾ ಇಲ್ಲ, ಮೊತ್ತವೂ ತಾಳೆ ಆಗ್ತಿಲ್ಲ ಅಂತ ಬ್ಯಾಂಕಿನವರು ಹೇಳ್ತಾರೆ. ಠಾಣೆಯಲ್ಲಿ "ಒಂದು ಹಾಳೆಯಲ್ಲಿ ಸರಿಯಾಗಿ ಬರ್ಕೊಂಡು ಬನ್ನಿ" ಅಂದರು. ನಾನು ಮೊದಲು ಬರೆದಿದ್ದು ಹೀಗಿತ್ತು:

"ನಾವು ರೈತ ಕುಟುಂಬದವರು. ಅಪರಿಚಿತ ವ್ಯಕ್ತಿಯೊಬ್ಬ ಪವರ್ ಟಿಲ್ಲರ್ ಕೊಡುವುದಾಗಿ ನಂಬಿಸಿ ನಮ್ಮಿಂದ ಸುಮಾರು 99,100 ರೂಪಾಯಿ ಹಾಕಿಸಿಕೊಂಡು ಮೋಸ ಮಾಡಿದ್ದಾನೆ. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ದಯವಿಟ್ಟು ನಮ್ಮ ಹಣ ವಾಪಸ್ ಕೊಡಿಸಿ."

ಇದರಲ್ಲಿ ಏನು ಕಡಿಮೆ ಆಗಿದೆ?

ಕೋಟೆ_ಹುಡುಗ

ಅಣ್ಣಾ, ಪೋರ್ಟಲ್‌ನಲ್ಲಿ ಹೊಸದಾಗಿ ಇನ್ನೊಂದು ದೂರು ಹಾಕಿಬಿಡಿ. ಹಳೇದನ್ನು ಯಾಕೆ ತಿದ್ದಬೇಕು? ಸ್ಕ್ರೀನ್‌ಶಾಟ್ ಮೇಲೆ ನಂಬರ್‌ಗೆ ಕೆಂಪು ಸುತ್ತು ಹಾಕಿ, ಬೇಡದ ಭಾಗ ಕತ್ತರಿಸಿ ಹಾಕಿ. ಎಲ್ಲ ಒಂದೇ ನೋಟಕ್ಕೆ ಕಾಣುತ್ತೆ. ನಂಬರ್ ಸರಿ ಇಲ್ಲದಿದ್ದರೆ ಬ್ಯಾಂಕ್ ಮುಂದೆ ಹೋಗಲ್ಲ, ಅದಂತೂ ನಿಜ.

ಲೆಡ್ಜರ್_ನಿಟ್ಟುವಳ್ಳಿ

ನಾನು ಬ್ಯಾಂಕಿನಲ್ಲಿ ಕ್ಯಾಶ್ ಮತ್ತು ಕ್ಲಿಯರಿಂಗ್ ಕೆಲಸ ಮಾಡಿ ನಿವೃತ್ತನಾದವನು. ಕೋಟೆಯವರು ನಂಬರ್ ಬಗ್ಗೆ ಹೇಳಿದ್ದು ಸರಿ. ಆದರೆ ಎರಡನೇ ದೂರು ಬೇಡ. ಒಂದೇ ದುಡ್ಡಿಗೆ ಎರಡು ನಂಬರ್ ಓಡಾಡಿದರೆ ಗೊಂದಲ ಜಾಸ್ತಿ. ಇರುವ ದೂರಿನ ನಂಬರ್ ಮೇಲೆ ಬರೆದು, ತಿದ್ದಿದ ಹಾಳೆಯನ್ನು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಕೊಡಿ. ಕತ್ತರಿಸಿದ, ಬಣ್ಣ ಹಚ್ಚಿದ ಚಿತ್ರವನ್ನು ಬೇಕಾದರೆ ಜೊತೆಗೆ ಇಡಿ. ಮೂಲ ಚಿತ್ರ ಮಾತ್ರ ಇದ್ದ ಹಾಗೇ ಇರಬೇಕು.

ಹರಿಹರದವರೇ, ನೀವು ಯಾವ ಆ್ಯಪ್‌ನಿಂದ ಯಾವ ನಂಬರ್ ನೋಡಿ ಬರೆದಿರಿ? ತಪ್ಪು ಅಲ್ಲೇ ಇರಬೇಕು. ಪ್ರತಿ ವ್ಯವಹಾರವನ್ನೂ ಸಮಯ, ಮೊತ್ತ, ಯಾರ ಖಾತೆ ಅಂತ ಇಲ್ಲಿ ಬರೆಯಿರಿ. ನಂಬರ್ ಪೂರ್ತಿ ಹಾಕಬೇಡಿ, ಮೊದಲ ನಾಲ್ಕು ಅಕ್ಷರ ಸಾಕು.

ತೋಟದಮನೆ_ಹರಿಹರ

ಬರೆದಿದ್ದೇನೆ ಸರ್.

18ರ ಬೆಳಿಗ್ಗೆ 10:42ಕ್ಕೆ ಬುಕಿಂಗ್ ಅಂತ 2,100, ಮಾವನ ಫೋನ್‌ಪೇಯಿಂದ. ನಂಬರ್ T250 ಅಂತ ಶುರು.
12:15ಕ್ಕೆ ಲಾರಿ ಬಾಡಿಗೆ 14,500, ಅದೇ ಫೋನ್. ಇದು ಫೇಲ್ ಆಯ್ತು. 12:19ಕ್ಕೆ ಮತ್ತೆ ಹಾಕಿದರು, ಹೋಯ್ತು. 5169.
ಮಧ್ಯಾಹ್ನ 3:05ಕ್ಕೆ ಜಿಎಸ್‌ಟಿ, ಆಮೇಲೆ ವಾಪಸ್ ಬರುತ್ತೆ ಅಂತ 28,000. ಮಾವನ ಖಾತೆಯಲ್ಲಿ ಅಷ್ಟು ಇರಲಿಲ್ಲ, ನನ್ನ ಹೆಂಡತಿಯ ಗೂಗಲ್ ಪೇಯಿಂದ ಹಾಕಿಸಿದರು. 5169.
19ರಂದು 11:20ಕ್ಕೆ ಬ್ಯಾಂಕಿಗೆ ಹೋಗಿ ಮಾವನ ಖಾತೆಯಿಂದ 40,000 ನೆಫ್ಟ್. ಚಲನ್ ಮೇಲಿನ ನಂಬರ್ ಬರೆದೆ.

ಲೆಡ್ಜರ್_ನಿಟ್ಟುವಳ್ಳಿ

ಈಗ ಎಲ್ಲ ಗೊತ್ತಾಯ್ತು. ಮೂರು ತಪ್ಪು ಇವೆ, ಮೂರೂ ತಿದ್ದುವಂಥವೇ.

T ಅಂತ ಶುರುವಾಗುವುದು ಆ ಆ್ಯಪ್‌ನ ಸ್ವಂತ ನಂಬರ್. ಬ್ಯಾಂಕಿನ ಪುಸ್ತಕದಲ್ಲಿ ಅದರಿಂದ ಹುಡುಕಲು ಆಗಲ್ಲ. ಅದೇ ಪುಟದಲ್ಲಿ ಕೆಳಗೆ, ಯಾವ ಖಾತೆಯಿಂದ ಹೋಯ್ತು ಅಂತ ತೋರಿಸುವ ಕಡೆ UTR ಅಂತ 12 ಅಂಕಿಯ ನಂಬರ್ ಇದೆ. ಅದು ಬೇಕು. ಗೂಗಲ್ ಪೇಯಲ್ಲೂ ಎರಡು ನಂಬರ್ ಇರುತ್ತವೆ. "UPI transaction ID" ಅನ್ನೋದು 12 ಅಂಕಿ, ಅದನ್ನೇ ಬರೆಯಬೇಕು. "Google transaction ID" ನಲ್ಲಿ ಅಕ್ಷರವೂ ಸೇರಿರುತ್ತೆ, ಅದು ಬೇಡ. ನೀವು 28,000ಕ್ಕೆ ಬರೆದ 5169 ಸರಿಯಾದದ್ದೇ.

ಹೇಗೆ ಗೊತ್ತು ಅಂದರೆ, ಈ 12 ಅಂಕಿಯ ಮೊದಲ ಅಂಕಿ ಸಾಮಾನ್ಯವಾಗಿ ವರ್ಷದ ಕೊನೆಯ ಅಂಕಿ. ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನೋದು. 2025ರ ಜೂನ್ 18 ವರ್ಷದ 169ನೇ ದಿನ, ಅದಕ್ಕೆ 5169. ನಕಲು ಮಾಡುವಾಗ ಅಂಕಿ ಹಿಂದುಮುಂದಾದರೆ ಹಿಡಿಯಲು ನಾನು ಇದನ್ನೇ ನೋಡುತ್ತಿದ್ದೆ. ಆದರೂ ಕೊನೆಗೆ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ಜೊತೆ ಒಂದೊಂದೇ ಅಂಕಿ ಬೆರಳಿಟ್ಟು ನೋಡಿ.

ಎರಡನೇದು ನೆಫ್ಟ್. ಚಲನ್ ಮೇಲಿರುವುದು ಚಲನ್ ಪುಸ್ತಕದ ನಂಬರ್ ಅಷ್ಟೇ. ನೆಫ್ಟ್ ಯುಟಿಆರ್ 16 ಅಕ್ಷರದ್ದು, ಅದರಲ್ಲಿ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರವೂ ಇರುತ್ತೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಆ ಸಾಲಿನಲ್ಲೇ ಬರುತ್ತೆ. ಅಲ್ಲಿ ಪೂರ್ತಿ ಕಾಣದಿದ್ದರೆ ಶಾಖೆಯಲ್ಲಿ ಬರೆಸಿಕೊಳ್ಳಿ.

ಮೂರನೇದು ಮೊತ್ತ. ನಿಮ್ಮ ನಾಲ್ಕು ವ್ಯವಹಾರ ಕೂಡಿಸಿ: 2,100, 14,500, 28,000, 40,000. ಒಟ್ಟು 84,600. ನೀವು ಬರೆದದ್ದು 99,100. ವ್ಯತ್ಯಾಸ ಸರಿಯಾಗಿ 14,500. ಫೇಲ್ ಆದದ್ದನ್ನೂ ಸೇರಿಸಿಬಿಟ್ಟಿದ್ದೀರಿ. ಸ್ಟೇಟ್‌ಮೆಂಟ್ ನೋಡಿ, ಆ ಹಣ ಹೋಗಿ ವಾಪಸ್ ಜಮಾ ಆಗಿರಬೇಕು.

ಮದಕರಿ_ಬಡಾವಣೆ_ಅಕ್ಕ

ನಾನು ಚಿತ್ರದುರ್ಗದವಳು. ನನ್ನ ಕಾರ್ಡ್‌ನಿಂದ ರಾತ್ರಿ ಎರಡು ಗಂಟೆಗೆ 6,000 ಹೋಗಿತ್ತು. ನಾನು ಯಾರಿಗೂ ಒಟಿಪಿ ಹೇಳಿರಲಿಲ್ಲ. ಮಾರನೇ ದಿನವೇ ಬ್ಯಾಂಕಿಗೆ ಬರೆದುಕೊಟ್ಟೆ, ದುಡ್ಡು ವಾಪಸ್ ಹಾಕಿದರು. ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆಯಲ್ಲ? ನಿಮ್ಮ ಮಾವನವರೂ ಹಾಗೇ ಕೇಳಲಿ.

ಲೆಡ್ಜರ್_ನಿಟ್ಟುವಳ್ಳಿ

ಮೇಡಂ, ನಿಮಗೆ ಹಣ ಬಂದದ್ದು ಒಳ್ಳೇದಾಯ್ತು. ಆ ನಿಯಮ 2017ರ ಜುಲೈನದು. ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಇಲ್ಲ. ಇವರ ವಿಷಯದಲ್ಲಿ ಮಾವನವರೇ ಪಿನ್ ಒತ್ತಿ ಕಳಿಸಿದ್ದಾರೆ, ಚಲನ್‌ಗೆ ಸಹಿ ಹಾಕಿದ್ದಾರೆ. ಅಲ್ಲಿ ಈ ನಿಯಮ ಹಿಡಿದು ಕೇಳಿದರೆ ದಿನ ಹೋಗುತ್ತೆ. ಇವರಿಗೆ ಇರುವ ದಾರಿ, ಎದುರಿನ ಖಾತೆಯಲ್ಲಿ ಉಳಿದ ಹಣ ತಡೆಹಿಡಿಯುವುದು. ಅದಕ್ಕೇ ನಂಬರ್ ಇಷ್ಟು ಮುಖ್ಯ.

ತೋಟದಮನೆ_ಹರಿಹರ

ಸರ್, ನಿನ್ನೆ ಕೂತು ಹೊಸದಾಗಿ ಬರೆದೆ. ನೋಡಿ ಹೇಳಿ.

"ದೂರಿನ ನಂಬರ್: (ಮೆಸೇಜ್‌ನಲ್ಲಿ ಬಂದದ್ದು). 1930ಕ್ಕೆ ಕರೆ: 19-06-2025, ಸಂಜೆ 6:40.

17-06-2025, ರಾತ್ರಿ: ಫೇಸ್‌ಬುಕ್ ಜಾಹೀರಾತು ನೋಡಿ ಅದರಲ್ಲಿದ್ದ ಮೊಬೈಲ್ ನಂಬರಿಗೆ ನನ್ನ ಮಾವ ವಾಟ್ಸಾಪ್ ಮಾಡಿದರು. ಪವರ್ ಟಿಲ್ಲರ್ ಬೆಲೆ 85,000 ಎಂದು ಆತ ಹೇಳಿದ.
18-06-2025, 10:42: ಬುಕಿಂಗ್ 2,100. ಮಾವನ ಖಾತೆ. ಯುಟಿಆರ್, ಎದುರಿನ ಯುಪಿಐ ಐಡಿ. ಲಗತ್ತು 1.
18-06-2025, 12:19: ಲಾರಿ ಬಾಡಿಗೆ 14,500. ಮಾವನ ಖಾತೆ. ಯುಟಿಆರ್, ಅದೇ ಐಡಿ. ಲಗತ್ತು 2. (12:15ರ ಇದೇ ಮೊತ್ತದ ವ್ಯವಹಾರ ವಿಫಲ, 12:33ಕ್ಕೆ ವಾಪಸ್ ಜಮಾ. ಒಟ್ಟಿನಲ್ಲಿ ಸೇರಿಸಿಲ್ಲ.)
18-06-2025, 15:05: ಜಿಎಸ್‌ಟಿ ಎಂದು 28,000. ನನ್ನ ಪತ್ನಿಯ ಖಾತೆ. ಯುಟಿಆರ್, ಬೇರೆ ಯುಪಿಐ ಐಡಿ. ಲಗತ್ತು 3.
19-06-2025, 11:20: ಬಾಕಿ ಹಣ 40,000, ನೆಫ್ಟ್. ಮಾವನ ಖಾತೆ. ಯುಟಿಆರ್, ಎದುರಿನ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ. ಲಗತ್ತು 4.
19-06-2025, 17:30: ಇನ್ನೂ 15,000 ಕೇಳಿದ. ಕೊಡಲಿಲ್ಲ. ಆಮೇಲೆ ಫೋನ್ ಸ್ವಿಚ್ ಆಫ್.
ಕಳೆದುಕೊಂಡ ಒಟ್ಟು ಹಣ: 84,600."

ಪೂರ್ತಿ ನಂಬರ್‌ಗಳು ಹಾಳೆಯಲ್ಲಿ ಇವೆ. ಇಲ್ಲಿ ಹಾಕಿಲ್ಲ.

ಲೆಡ್ಜರ್_ನಿಟ್ಟುವಳ್ಳಿ

ಇದು ಚೆನ್ನಾಗಿದೆ. ಓದುವ ಅಧಿಕಾರಿ ಯಾರನ್ನೂ ಕೇಳದೆ ಮೂರು ಬ್ಯಾಂಕಿಗೆ ಪತ್ರ ಬರೆಯಬಹುದು. ಎರಡು ಖಾತೆಯಿಂದ ಹಣ ಹೋಗಿರುವುದರಿಂದ ಪತ್ನಿಯ ಸ್ಟೇಟ್‌ಮೆಂಟನ್ನೂ ಸೇರಿಸಿ. ಠಾಣೆಗೆ ಅವರನ್ನೂ ಕರೆದುಕೊಂಡು ಹೋಗಿ.

ಸ್ಕ್ರೀನ್‌ಶಾಟ್ ವಿಷಯ. ಹಸಿರು ಟಿಕ್ ತೋರಿಸುವ ಪುಟ ಸಾಲದು. ವ್ಯವಹಾರದ ವಿವರ ತೆರೆದು, 12 ಅಂಕಿ, ದಿನಾಂಕ, ಸಮಯ, ಎದುರಿನ ಐಡಿ ಎಲ್ಲ ಕಾಣುವ ಹಾಗೆ ತೆಗೆಯಿರಿ. ಒಂದೇ ಪರದೆಯಲ್ಲಿ ಬರದಿದ್ದರೆ ಎರಡು ತೆಗೆಯಿರಿ. ಲಗತ್ತಿನ ಹೆಸರನ್ನು ಹಾಳೆಯ ಕ್ರಮದಲ್ಲೇ ಇಡಿ: `1_2100.jpg`, `2_14500.jpg` ಹೀಗೆ.

ವಾಟ್ಸಾಪ್ ಚಾಟ್‌ನಲ್ಲಿ ಒಂದು ಎಡವಟ್ಟು ಆಗುತ್ತೆ. ಮಾವನವರು ಆ ನಂಬರನ್ನು "ಟಿಲ್ಲರ್ ಮಿಲಿಟರಿ" ಅಂತ ಸೇವ್ ಮಾಡಿದ್ದರೆ ಸ್ಕ್ರೀನ್‌ಶಾಟ್‌ನಲ್ಲಿ ಬರೀ ಹೆಸರು ಕಾಣುತ್ತೆ. ಹೆಸರಿನ ಮೇಲೆ ಒತ್ತಿ, ಫೋನ್ ನಂಬರ್ ಕಾಣುವ ಪುಟದ್ದೂ ಒಂದು ತೆಗೆಯಿರಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಫೇಸ್‌ಬುಕ್ ಜಾಹೀರಾತಿನ ಲಿಂಕನ್ನೂ ನಕಲು ಮಾಡಿ, ಬರೀ ಚಿತ್ರ ಸಾಲದು.

ಕೋಟೆ_ಹುಡುಗ

ಕತ್ತರಿಸೋದು ಬೇಡ ಅಂದಿದ್ದು ಈಗ ಅರ್ಥ ಆಯ್ತು. ಮೇಲಿನ ಸಮಯವೂ ಬೇಕಾಗುತ್ತೆ ಅಲ್ವಾ. ಎಲ್ಲ ತೆಗೆದಾದ ಮೇಲೆ ಚಾಟ್ ಅಳಿಸಿದರೆ ನಡೆಯುತ್ತಾ? ಮನೆಯವರು ಅದನ್ನು ನೋಡಿ ನೋಡಿ ಬೇಜಾರು ಮಾಡ್ಕೋತಾರೆ.

ಲೆಡ್ಜರ್_ನಿಟ್ಟುವಳ್ಳಿ

ಅಳಿಸಬೇಡಿ. ಕೇಸ್ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ. ಈ ಚಿತ್ರಗಳು ಯಾವ ಫೋನಿನಿಂದ ಬಂದವು ಅಂತ ಅದರಲ್ಲಿ ಹೇಳಬೇಕು. ಮೂಲ ಚಾಟ್ ಆ ಫೋನಿನಲ್ಲೇ ಇದ್ದರೆ ಒಳ್ಳೇದು. ಕಣ್ಣಿಗೆ ಬೀಳಬಾರದು ಅಂದರೆ ಆರ್ಕೈವ್ ಮಾಡಿ, ನಂಬರ್ ಬ್ಲಾಕ್ ಮಾಡಿ.

ತೋಟದಮನೆ_ಹರಿಹರ

ಇವತ್ತು ದಾವಣಗೆರೆಗೆ ಹೋಗಿ ಹಾಳೆ ಕೊಟ್ಟು ಬಂದೆವು. ಹೆಂಡತಿಯೂ ಬಂದಿದ್ದಳು. ಈ ಸಲ ಯಾರೂ ವಾಪಸ್ ಕಳಿಸಲಿಲ್ಲ, ಸ್ವೀಕೃತಿ ಹಾಕಿಕೊಟ್ಟರು. 28,000 ಹೋದ ಕಡೆ 11,300 ತಡೆಹಿಡಿದಿದ್ದಾರಂತೆ. ನೆಫ್ಟ್ ಹಣವನ್ನು ಅದೇ ದಿನ ಎಟಿಎಂನಲ್ಲಿ ತೆಗೆದಿದ್ದಾರಂತೆ. ಮಾವ ಕೇಳಿ ಸುಮ್ಮನಾದರು. ಈ 11,300 ತಾನಾಗಿ ನಮ್ಮ ಖಾತೆಗೆ ಬರುತ್ತಾ ಸರ್?

ಲೆಡ್ಜರ್_ನಿಟ್ಟುವಳ್ಳಿ

ತಾನಾಗಿ ಬರುತ್ತೆ ಅಂತ ಕಾಯಬೇಡಿ. ಕೋರ್ಟಿನ ಆದೇಶ ಬೇಕಾಗಬಹುದು. ಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಅರ್ಜಿ ಹಾಕುತ್ತಾರೆ, ಹಳೇ ಕಾನೂನಿನಲ್ಲಿ ಅದು 457 ಇತ್ತು. ಈ ಹಣ ಹೋದದ್ದು ನಿಮ್ಮ ಪತ್ನಿಯ ಖಾತೆಯಿಂದ. ಹಾಗಾಗಿ ಅರ್ಜಿಯೂ ಅವರ ಹೆಸರಿನಲ್ಲೇ ಇರಲಿ. ಎಫ್‌ಐಆರ್ ನಂಬರ್ ಕೊಟ್ಟರಾ?

ತೋಟದಮನೆ_ಹರಿಹರ

ಇನ್ನೂ ಇಲ್ಲ. ಸೋಮವಾರ ಬನ್ನಿ ಅಂದಿದ್ದಾರೆ.

ಮದಕರಿ_ಬಡಾವಣೆ_ಅಕ್ಕ

ಸೋಮವಾರ ಹೋಗುವಾಗ ಮಾವನವರನ್ನು ಒಬ್ಬರನ್ನೇ ಕಳಿಸಬೇಡಪ್ಪ. ನನ್ನ ದೂರಿನ ಹೊತ್ತಿಗೆ ನಾನೂ ಎರಡು ಸಲ ದಿನಾಂಕ ತಪ್ಪು ಹೇಳಿದ್ದೆ. ಆ ಹಾಳೆಯ ಜೆರಾಕ್ಸ್ ಒಂದು ಅವರ ಜೇಬಿನಲ್ಲಿ ಇಡಿ. ಹೇಳಿಕೆ ಕೊಡುವಾಗ ನೋಡ್ಕೊಂಡು ಹೇಳಲಿ.