ತಂಗಳನ್ನದ ಎಗ್ ಫ್ರೈಡ್ ರೈಸ್ ಪ್ರತಿ ಸಲ ಮುದ್ದೆ ಆಗ್ತಿದೆ: ಮೊಟ್ಟೆ ಬೇರೆ ಹುರಿಯಬೇಕಾ, ಅನ್ನಕ್ಕೇ ಕಲಸಬೇಕಾ?

ಶಿರಾಗೇಟ್_ಅಡುಗೆಮನೆ

ಮೂರನೇ ಸಲವೂ ಕೆಟ್ಟಿತು. ಯಾರಾದರೂ ಸರಿಯಾಗಿ ಹೇಳಿ. ಅನ್ನ ತಣ್ಣಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೇ ಹಿಂದಿನ ರಾತ್ರಿಯ ಅನ್ನವನ್ನು ಫ್ರಿಜ್‌ನಲ್ಲಿ ಇಟ್ಟಿದ್ದೆ. ಎರಡು ಮೊಟ್ಟೆ ಒಡೆದು ಕಲಕಿ, ಎರಡು ಲೋಟ ಅನ್ನಕ್ಕೆ ಸುರಿದು, ಪ್ರತಿ ಅಗುಳಿಗೂ ಹತ್ತುವ ಹಾಗೆ ಕೈಯಲ್ಲೇ ಕಲಸಿದೆ. ಬಾಣಲೆಗೆ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಎಲ್ಲ ಒಂದೇ ಹಳದಿ ಮುದ್ದೆ, ತಳವೂ ಹಿಡಿಯಿತು. ಮಗ ಎರಡು ತುತ್ತು ತಿಂದು ಎದ್ದುಬಿಟ್ಟ. ಒಂದು ವಿಡಿಯೋದಲ್ಲಿ ಮೊಟ್ಟೆ ಬೇರೆ ಹುರಿಯುತ್ತಾರೆ, ಇನ್ನೊಂದರಲ್ಲಿ ಅನ್ನಕ್ಕೇ ಕಲಸುತ್ತಾರೆ. ಯಾವುದು ಸರಿ?

ಕಬ್ಬಿಣದ_ಬಾಣಲೆ

ಮೊಟ್ಟೆಯ ಪ್ರಶ್ನೆ ಆಮೇಲೆ. ನಿಮ್ಮದು ನಾನ್‌ಸ್ಟಿಕ್ ಅಲ್ವಾ? ಅದೇ ತಪ್ಪು. ಕಬ್ಬಿಣದ ಬಾಣಲೆ ತಗೊಳ್ಳಿ, ಸಣ್ಣಗೆ ಹೊಗೆ ಬರುವ ತನಕ ಕಾಯಿಸಿ, ಆಮೇಲೆ ಎಣ್ಣೆ ಹಾಕಿ. ಅನ್ನ ಬಿದ್ದ ತಕ್ಷಣ ಚುರ್ ಅನ್ನಬೇಕು. ಸದ್ದು ಬರದಿದ್ದರೆ ಬಾಣಲೆ ಕಾದಿಲ್ಲ ಅಂತಲೇ ಅರ್ಥ.

ಶಿರಾಗೇಟ್_ಅಡುಗೆಮನೆ

ನನ್ನದೂ ಕಬ್ಬಿಣದ್ದೇ ಅಣ್ಣ. ಅತ್ತೆ ಕಾಲದ್ದು. ದೋಸೆ ಹೆಂಚಿನ ಹಾಗೆ ಕರ್ರಗೆ ಪಳಗಿದೆ.

ಕಬ್ಬಿಣದ_ಬಾಣಲೆ

ಹಾಗಾದರೆ ಸೋಪು ಹಾಕಿ ತಿಕ್ಕುತ್ತಿದ್ದೀರಿ. ತಿಕ್ಕಿದರೆ ಪಳಗಿದ್ದು ಹೋಗುತ್ತದೆ. ಇನ್ನೊಂದು ಸಲ ಎಣ್ಣೆ ಸವರಿ ಕಾಯಿಸಿ ಇಡಿ, ಮುದ್ದೆ ಆಗುವುದು ನಿಲ್ಲುತ್ತದೆ.

ಕ್ಯಾತ್ಸಂದ್ರ_ಸಂಜೆ

ನಾವು ತಂಗಳನ್ನದಲ್ಲಿ ಬೆಳಗ್ಗೆ ಚಿತ್ರಾನ್ನ ಮಾಡುತ್ತೇವೆ, ಒಂದು ದಿನವೂ ಮುದ್ದೆ ಆಗಿಲ್ಲ. ಒಗ್ಗರಣೆ ಆದ ಮೇಲೆ ಒಲೆ ಆರಿಸಿ, ನಿಂಬೆರಸ ಹಿಂಡಿ, ಆಮೇಲೆ ಅನ್ನ ಹಾಕಿ ಕಲಸಿ. ಅನ್ನ ಮೆತ್ತಗಿದ್ದರೂ ನಡೆಯುತ್ತದೆ.

ಗಾಡಿ_ಅನುಭವ

ಚಿತ್ರಾನ್ನದಲ್ಲಿ ಮೊಟ್ಟೆಯ ನೀರು ಇರುವುದಿಲ್ಲ, ಅದಕ್ಕೇ ನಡೆಯುತ್ತದೆ. ಅಕ್ಕ, ಸ್ವಲ್ಪ ವಿವರ ಹೇಳಿ. ಯಾವ ಅಕ್ಕಿ? ನೀರು ಎಷ್ಟು ಇಟ್ಟಿರಿ? ಫ್ರಿಜ್‌ನಲ್ಲಿ ಹೇಗೆ ಇಟ್ಟಿರಿ?

ಶಿರಾಗೇಟ್_ಅಡುಗೆಮನೆ

ಸೋನಾ ಮಸೂರಿ. ರಾತ್ರಿ ಸಾರಿಗೆ ಅಂತ ಮಾಡಿದ್ದು, ಒಂದು ಲೋಟಕ್ಕೆ ಎರಡೂವರೆ ಲೋಟ ನೀರು, ಕುಕ್ಕರ್‌ನಲ್ಲಿ ಮೂರು ವಿಷಲ್. ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ ಇಟ್ಟೆ. ಬೆಳಗ್ಗೆ ತೆಗೆದಾಗ ಮುಚ್ಚಳದ ಒಳಗೆ ನೀರಿನ ಹನಿಗಳಿದ್ದವು. ಅದು ಯಾವಾಗಲೂ ಇರುತ್ತದಲ್ಲ, ಅದಕ್ಕೇ ಮೊದಲು ಬರೆಯಲಿಲ್ಲ.

ಗಾಡಿ_ಅನುಭವ

ಆ ಹನಿಗಳೇ ವಿಷಯ ಅಕ್ಕ. ಬಿಸಿ ಅನ್ನದ ಆವಿ ಮುಚ್ಚಳಕ್ಕೆ ಬಡಿದು, ನೀರಾಗಿ ಮತ್ತೆ ಅನ್ನದ ಮೇಲೇ ಬಿದ್ದಿದೆ. ತಣ್ಣಗಾದರೆ ಸಾಲದು, ಅಗುಳಿನ ಮೇಲ್ಮೈ ಒಣಗಿರಬೇಕು. ಒಂದು ಅಗುಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಗೋಂದಿನ ಹಾಗೆ ಹರಡಿಕೊಂಡರೆ ಅದು ಸಾರಿನ ಅನ್ನ. ಎರಡು ಮೂರು ತುಂಡಾಗಿ ಒಡೆದರೆ ಹುರಿಯಲು ಬರುತ್ತದೆ.

ನಾನು ತುಮಕೂರಿನಲ್ಲಿ ಒಂದು ಗಾಡಿಯಲ್ಲಿ ಆರು ವರ್ಷ ಸಂಜೆ ಕೆಲಸ ಮಾಡಿದ್ದೇನೆ. ಅಲ್ಲಿ ಕುಕ್ಕರ್ ಮುಟ್ಟುತ್ತಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರು ಕುದಿಸಿ ಅಕ್ಕಿ ಹಾಕಿ, ಒಳಗೆ ಸ್ವಲ್ಪ ಗಟ್ಟಿ ಇರುವಾಗಲೇ ಗಂಜಿ ಬಸಿದು, ಅಗಲ ತಟ್ಟೆಯಲ್ಲಿ ಹರಡುತ್ತಿದ್ದೆವು. ಹಳೆ ಅಕ್ಕಿ ಸಿಕ್ಕರೆ ಇನ್ನೂ ಒಳ್ಳೆಯದು, ಹೊಸ ಅಕ್ಕಿ ಬೇಗ ಅಂಟುತ್ತದೆ.

ಈಗ ಮೊಟ್ಟೆ. ಒಂದು ಮೊಟ್ಟೆ ಒಡೆದರೆ ಸುಮಾರು 50 ಗ್ರಾಂ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಎರಡು ಮೊಟ್ಟೆ ಅಂದರೆ ಹತ್ತಿರ ಹತ್ತಿರ 75 ಮಿಲಿ. ಮೊದಲೇ ಒದ್ದೆಯಿದ್ದ ಅನ್ನಕ್ಕೆ ನೀವು ಅರ್ಧ ಕಾಫಿ ಲೋಟ ನೀರು ಹಾಕಿ ಕಲಸಿದ ಹಾಗೆ. ನೀರು ಜಾಸ್ತಿ ಇರುವುದು ಬಿಳಿಯಲ್ಲಿ. ಹಳದಿಯಲ್ಲಿ ಅರ್ಧದಷ್ಟೇ ನೀರು, ಜೊತೆಗೆ ಕೊಬ್ಬು ಇದೆ, ಅದು ಅಗುಳಿನ ಸುತ್ತ ತೆಳ್ಳಗೆ ಹತ್ತಿ ಅಗುಳುಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಅನ್ನಕ್ಕೇ ಕಲಸಬೇಕು ಅಂದರೆ ಹಳದಿ ಮಾತ್ರ ಕಲಸಿ, ಬಿಳಿಯನ್ನು ಬೇರೆ ಹುರಿದು ಕೊನೆಗೆ ಸೇರಿಸಿ. ಚೀನಾದಲ್ಲಿ ಬಂಗಾರದ ಬಣ್ಣದ ಫ್ರೈಡ್ ರೈಸ್ ಅಂತ ಮಾಡುತ್ತಾರಲ್ಲ, ಅಲ್ಲೂ ತುಂಬ ಜನ ಹೀಗೇ ಮಾಡುತ್ತಾರೆ.

ಗಾಡಿಯಲ್ಲಿ ಮಾತ್ರ ಎರಡರ ನಡುವಿನ ದಾರಿ. ಕಾದ ಎಣ್ಣೆಗೆ ಮೊಟ್ಟೆ ಒಡೆದು, ಕೆದಕಿ, ಅದು ಇನ್ನೂ ಅರ್ಧ ಹಸಿ ಇರುವಾಗಲೇ ಅನ್ನ ಸುರಿಯುತ್ತೇವೆ. ಒಂದಷ್ಟು ಮೊಟ್ಟೆ ಅನ್ನಕ್ಕೆ ಹತ್ತುತ್ತದೆ, ಒಂದಷ್ಟು ತುಂಡಾಗಿ ಉಳಿಯುತ್ತದೆ. ಮನೆ ಒಲೆಯಲ್ಲಿ ಇದು ಕಷ್ಟ, ಅಷ್ಟು ಉರಿ ಬರಲ್ಲ.

ಕಬ್ಬಿಣದ_ಬಾಣಲೆ

ನೀರಿನ ಲೆಕ್ಕ ಒಪ್ಪುತ್ತೇನೆ. ಆದರೂ ಬಾಣಲೆ ಕಾದಿದ್ದರೆ ಆ ನೀರು ಆವಿಯಾಗಿ ಹೋಗುತ್ತಿತ್ತು.

ಗಾಡಿ_ಅನುಭವ

ಒಂದು ತಟ್ಟೆ ಅನ್ನಕ್ಕಾದರೆ ಹೋಗುತ್ತಿತ್ತು. ಎರಡು ಲೋಟ ತಣ್ಣನೆಯ ಅನ್ನ ಒಟ್ಟಿಗೆ ಬಿದ್ದರೆ ಎಂಥ ಬಾಣಲೆಯೂ ತಣ್ಣಗಾಗುತ್ತದೆ. ಹಸಿ ಮೊಟ್ಟೆ ಗಟ್ಟಿಯಾಗುವ ಮುಂಚೆಯೇ ಅನ್ನ ನೀರು ಕುಡಿದುಬಿಡುತ್ತದೆ. ಒಂದೊಂದು ತಟ್ಟೆಯಷ್ಟೇ ಹುರಿಯಿರಿ.

ಮಧುಗಿರಿ_ಊಟ

ಫ್ರಿಜ್ ಯಾಕೆ ಬೇಕು? ನಾನು ಅನ್ನವನ್ನು ರಾತ್ರಿಯಿಡೀ ತಟ್ಟೆಯಲ್ಲಿ ಹರಡಿ ಮೇಲೆ ಬಟ್ಟೆ ಮುಚ್ಚಿ ಹೊರಗೇ ಇಡುತ್ತೇನೆ. ಚೆನ್ನಾಗಿ ಒಣಗುತ್ತದೆ.

ಗಾಡಿ_ಅನುಭವ

ದಯವಿಟ್ಟು ಬೇಡ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೆಂದರೂ ಸಾಯುವುದಿಲ್ಲ. ಹೊರಗೆ ಇಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ವಾಂತಿ ತರುವ ಆ ವಿಷ ಮತ್ತೆ ಹುರಿದರೂ ಹೋಗಲ್ಲ. ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗೆ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ.

ಮಧುಗಿರಿ_ಊಟ

ನಮ್ಮಜ್ಜಿ ತಂಗಳನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ ಕಲಸಿ ಉಂಡೇ ಎಂಬತ್ತು ದಾಟಿದರು.

ಗಾಡಿ_ಅನುಭವ

ಅದು ನೀರಿನಲ್ಲಿ ಹುಳಿ ಬಂದ ಅನ್ನ, ಬೇರೆ ವಿಷಯ. ತಟ್ಟೆಯಲ್ಲಿ ಇಟ್ಟಿದ್ದಕ್ಕೆ ಆ ಹುಳಿ ಬರಲ್ಲ.

ಮಧುಗಿರಿ_ಊಟ

ನಾನಂತೂ ಒಪ್ಪಲ್ಲ. ಇಷ್ಟು ವರ್ಷ ಏನೂ ಆಗಿಲ್ಲ.

ಕಬ್ಬಿಣದ_ಬಾಣಲೆ

ಉರಿಯ ಮಾತು ಬಂತು ಅಂತ ಹೇಳುತ್ತೇನೆ. ನಾನು ಹಿತ್ತಲಲ್ಲಿ ಭಟ್ಟರು ಮದುವೆ ಅಡುಗೆಗೆ ಇಡುವಂಥ ದೊಡ್ಡ ಗ್ಯಾಸ್ ಒಲೆ ಹಾಕಿಸಿದ್ದೇನೆ. ಹದಿನಾಲ್ಕು ಇಂಚಿನ ಬಾಣಲೆ, ಎರಡು ನಿಮಿಷಕ್ಕೆ ನಾಲ್ಕು ತಟ್ಟೆ.

ಕ್ಯಾತ್ಸಂದ್ರ_ಸಂಜೆ

ಎಲ್ಲಿ ಮಾಡಿಸಿದಿರಿ? ಫೋಟೋ ಹಾಕಿ.

ಶಿರಾಗೇಟ್_ಅಡುಗೆಮನೆ

ಭಾನುವಾರ ಮಾಡಿ ನೋಡಿದೆ. ಒಂದು ಲೋಟ ಅಕ್ಕಿಗೆ ಒಂದೂಮುಕ್ಕಾಲು ಲೋಟ ನೀರು ಇಟ್ಟೆ. ತಟ್ಟೆಯಲ್ಲಿ ಆರಿಸಿ, ಅರ್ಧ ಗಂಟೆ ಬಿಟ್ಟು ಫ್ರಿಜ್‌ಗೆ ಹಾಕಿದೆ, ಮುಚ್ಚಳ ಪೂರ್ತಿ ಮುಚ್ಚಲಿಲ್ಲ. ಬೆಳಗ್ಗೆ ಅಗುಳು ಒತ್ತಿದರೆ ಒಡೆಯಿತು. ಗಂಟು ಇದ್ದದ್ದನ್ನು ಕೈಯಲ್ಲೇ ಬಿಡಿಸಿಕೊಂಡೆ.

ಮೊದಲನೇ ತಟ್ಟೆಗೆ ಮೊಟ್ಟೆಯನ್ನು ಬೇರೆ ಹುರಿದು, ಮುಕ್ಕಾಲು ಬೆಂದಾಗ ತೆಗೆದಿಟ್ಟು, ಅನ್ನ ಹುರಿದು ಕೊನೆಗೆ ಸೇರಿಸಿದೆ. ಉದುರುದುರಾಗಿ ಬಂತು, ಮೊಟ್ಟೆ ತುಂಡು ಮೆತ್ತಗೆ ಬಾಯಿಗೆ ಸಿಕ್ಕಿತು. ಸೋಯಾ ಸಾಸ್ ಒಂದು ಚಮಚ, ಬಾಣಲೆಯ ಅಂಚಿಗೆ ಬಿಟ್ಟೆ.

ಎರಡನೇ ತಟ್ಟೆಗೆ ಎರಡು ಹಳದಿ ಕಲಸಿದೆ. ಅಂಟಲಿಲ್ಲ, ಪ್ರತಿ ಅಗುಳೂ ಹಳದಿ. ರುಚಿ ಮಾತ್ರ ಸ್ವಲ್ಪ ಜಿಡ್ಡು ಅನ್ನಿಸಿತು. ಮಗ ಮೊದಲನೆಯದನ್ನು ಖಾಲಿ ಮಾಡಿದ, ನಮ್ಮ ಮನೆಯವರಿಗೆ ಎರಡನೆಯದೇ ಇಷ್ಟ ಆಯಿತು.

ಆದರೆ ಹಳದಿಯ ತಟ್ಟೆಯಲ್ಲಿ ತಳ ಈಗಲೂ ಸ್ವಲ್ಪ ಹಿಡಿಯಿತು. ಅದು ಯಾಕೆ?

ಕಬ್ಬಿಣದ_ಬಾಣಲೆ

ನಾನು ಮೊದಲೇ ಹೇಳಿದೆನಲ್ಲ, ಬಾಣಲೆ.

ಗಾಡಿ_ಅನುಭವ

ಇದರಲ್ಲಿ ಅವರು ಹೇಳುವುದೂ ಇರಬಹುದು ಅಕ್ಕ. ಮೊದಲ ತಟ್ಟೆ ಆದ ಮೇಲೆ ಬಾಣಲೆ ಒರೆಸಿ, ಮತ್ತೆ ಕಾಯಿಸಿ, ಹೊಸ ಎಣ್ಣೆ ಹಾಕಿದಿರಾ? ಸಾಸ್ ಉಳಿದಿದ್ದರೆ ಅದೇ ಮೊದಲು ಸೀಯುತ್ತದೆ.

ಶಿರಾಗೇಟ್_ಅಡುಗೆಮನೆ

ಒರೆಸಲಿಲ್ಲ. ಹಾಗೇ ಹಾಕಿದೆ. ಬುಧವಾರ ಮತ್ತೆ ಮಾಡಿ ಬರೆಯುತ್ತೇನೆ.