ಗಾಜಿನ ಬಾಗಿಲು ಹಾಕಿದರೆ ಪಿಎಸ್5 ಯಾಕೆ ಆಫ್ ಆಗುತ್ತದೆ?

ಸವಿತಾ, ದಾವಣಗೆರೆ: ಹೊಸ ಟಿವಿ ಯೂನಿಟ್ ಮಾಡಿಸಿದ್ದೇವೆ. ಮಗನ ಪಿಎಸ್5 ಗಾಜಿನ ಬಾಗಿಲಿನ ಖಾನೆಯಲ್ಲಿದೆ. ಮುಕ್ಕಾಲು ಗಂಟೆ ಆಡಿದರೆ ಫ್ಯಾನ್ ಜೋರಾಗಿ ಕೂಗುತ್ತದೆ, ಆಮೇಲೆ ಬಿಸಿಯಾಗಿದೆ ಅಂತ ತೋರಿಸಿ ಆಫ್ ಆಗುತ್ತದೆ. ಇದು ಧೂಳಿಂದಲಾ, ಖಾನೆಯಿಂದಲಾ? ಕ್ಲೀನ್ ನಾವೇ ಮಾಡಬಹುದಾ?

ನಾಗರಾಜ್ (ರಿಪೇರಿ ಅಂಗಡಿ): ಮೇಡಂ, ಸದ್ಯಕ್ಕೆ ಕ್ಲೀನ್ ಮಾಡಬೇಡಿ. ಇವತ್ತು ಬಾಗಿಲು ಹಾಕಿ ಆಡಲಿ, ನಾಳೆ ಅದೇ ಹೊತ್ತಿಗೆ, ಅದೇ ಗೇಮ್, ಮೆಷಿನ್ ಹೊರಗೆ ಟೇಬಲ್ ಮೇಲಿಟ್ಟು ಆಡಲಿ. ಹೊರಗೆ ಆಫ್ ಆಗದಿದ್ದರೆ ತಪ್ಪು ಖಾನೆಯದು. ಹೊರಗೂ ಆಫ್ ಆದರೆ ಧೂಳನ್ನು ನೋಡೋಣ.

ಪಿಎಸ್5 ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಸಿ ಗಾಳಿ ಬಿಡುತ್ತದೆ. ದೊಡ್ಡ ಗೇಮ್ ಓಡುವಾಗ ಸುಮಾರು 200 ವ್ಯಾಟ್ ತಿನ್ನುತ್ತದೆ, ಅಷ್ಟೂ ಶಾಖವಾಗಿ ಹೊರಬರಬೇಕು. ನಿಮ್ಮ ಖಾನೆಯಲ್ಲಿ ಆ ಬಿಸಿ ಗಾಳಿ ಹಿಂದಿನ ಪ್ಲೈವುಡ್‌ಗೆ ಬಡಿದು ಸುತ್ತಿ ಮುಂದಕ್ಕೆ ಬರುತ್ತದೆ. ಮೆಷಿನ್ ಅದನ್ನೇ ಮತ್ತೆ ಉಸಿರಾಡುತ್ತದೆ. ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದು. ದಾವಣಗೆರೆ ಬೇಸಿಗೆಯಲ್ಲಿ ರೂಮೇ ಅದನ್ನು ದಾಟುತ್ತದೆ ಅಲ್ವಾ?

ಮಹೇಶ: ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹೊಡೆಸಿ, ಐದು ನಿಮಿಷದ ಕೆಲಸ. ನಾನು ಯಾವಾಗಲೂ ಹಾಗೇ ಮಾಡೋದು.

ನಾಗರಾಜ್: ಮಹೇಶ್ ಅವರೇ, ಗಾಳಿ ಹೊಡೆಯೋದು ಸರಿ, ಬಂಕ್‌ದು ಬೇಡ. ಆ ಗಾಳಿಯಲ್ಲಿ ನೀರು, ಎಣ್ಣೆ ಬರುತ್ತದೆ. ಒತ್ತಡವೂ ಜಾಸ್ತಿ, ಫ್ಯಾನ್ ಗಿರ್ರನೆ ತಿರುಗಿ ಬೇರಿಂಗ್ ಹೋಗುತ್ತದೆ.

ಸವಿತಾ ಮೇಡಂ, ಮುಂದೆ ಕ್ಲೀನ್ ಮಾಡಬೇಕಾಗಿ ಬಂದರೆ ನೀವೇ ಮಾಡಬಹುದು. ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು, ಅರ್ಧ ಗಂಟೆ ತಣ್ಣಗಾಗಲು ಬಿಡಿ. ಸಣ್ಣ ವ್ಯಾಕ್ಯೂಮ್ ಇದ್ದರೆ ಕಡಿಮೆ ವೇಗದಲ್ಲಿಟ್ಟು ಹೊರಗಿನ ಕಿಂಡಿಗಳ ಧೂಳು ಎಳೆಯಿರಿ, ಮೂತಿ ತಾಗಿಸಬೇಡಿ. ಹಳೆಯ ದಪ್ಪ ಮಾಡೆಲ್ ಆದರೆ ಬಿಳಿ ಪ್ಲೇಟ್ ತೆಗೆದಾಗ ಧೂಳು ಸೇರುವ ಎರಡು ತೂತು ಕಾಣುತ್ತವೆ, ಅಲ್ಲಿಂದಲೂ ಎಳೆಯಿರಿ. ಗಾಳಿ ತುಂಬಿದ ಸ್ಪ್ರೇ ಡಬ್ಬಿ ಬಳಸಿದರೆ ಅದನ್ನು ನೆಟ್ಟಗೆ ಹಿಡಿದು ಚಿಕ್ಕ ಚಿಕ್ಕದಾಗಿ ಬಿಡಿ, ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ತಡೆದಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಪ್ಲೇಟ್‌ಗಿಂತ ಒಳಗೆ ಬಿಚ್ಚಬೇಡಿ. ಒಳಗೆ ಚಿಪ್ ಮೇಲೆ ದ್ರವ ಲೋಹ ಇರುತ್ತದೆ, ಅದು ಹರಿದು ಬೋರ್ಡ್ ಸುಟ್ಟ ಮೆಷಿನ್ ನನ್ನ ಟೇಬಲ್‌ಗೇ ಬಂದಿದೆ.

ರೇಖಾ: ನಮ್ಮದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ನಿಲ್ಲಿಸಿಟ್ಟಿದ್ದೇವೆ. ಅದರ ಮೇಲಿರುವ ಸೆಟ್‌ಟಾಪ್ ಬಾಕ್ಸ್ ಬಿಸಿಯಾಗುತ್ತದೆ. ಬಾಕ್ಸ್ ಬದಲಾಯಿಸಬೇಕಾ?

ನಾಗರಾಜ್: ಬಾಕ್ಸ್ ಕೆಳಗಿಳಿಸಿ ಮೇಡಂ, ಸಾಕು. ಆ ಮೆಷಿನ್ ಬಿಸಿ ಗಾಳಿ ಬಿಡೋದೇ ತಲೆಯ ಮೇಲಿಂದ.

ಸವಿತಾ: ಟೇಬಲ್ ಮೇಲೆ ಎರಡು ಗಂಟೆ ಆಡಿದ, ಆಫ್ ಆಗಲಿಲ್ಲ! ಬಾಗಿಲು ತೆರೆದು ಖಾನೆಯಲ್ಲೇ ಇಟ್ಟರೂ ನಡೆಯಿತು, ಆದರೆ ಫ್ಯಾನ್ ಕೂಗು ಹಾಗೇ ಇದೆ. ಹಿಂದಿನ ಪ್ಲೈವುಡ್ ಕೊಯ್ಸಲಾ? ಗೋಡೆಗೂ ಯೂನಿಟ್‌ಗೂ ನಡುವೆ ಎರಡೇ ಇಂಚು ಇದೆ.

ನಾಗರಾಜ್: ಕೊಯ್ಸಿದರೂ ಎರಡು ಇಂಚು ಕಡಿಮೆಯೇ. ಮೆಷಿನ್ ಸುತ್ತ ಕಡೇಪಕ್ಷ 10 ಸೆಂಟಿಮೀಟರ್ ಬಿಡಿ. ಯೂನಿಟ್ ಮುಂದಕ್ಕೆ ಎಳೆಯಲು ಆಗುತ್ತದಾ?

ಸವಿತಾ: ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಮನೆಯವರನ್ನು ಕೇಳಬೇಕು. ಅಲ್ಲಿವರೆಗೆ ಟೇಬಲ್ ಮೇಲೇ ಇರಲಿ.