ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ನೋವು: ಏನು ಮಾಡಿದರೆ ಕಡಿಮೆಯಾಗುತ್ತೆ?

ಗೀತಾ: ಎರಡು ತಿಂಗಳಿಂದ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ಬಲ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತೆ. ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಕಡಿಮೆ. ಶಾಲೆಯಲ್ಲಿ ನಿಂತು ಪಾಠ ಮಾಡಿ, ಸ್ವಲ್ಪ ಕೂತು ಏಳುವಾಗ ಮತ್ತೆ ಶುರು. ಎಕ್ಸ್‌ರೇ ನೋಡಿ ಮೂಳೆ ಬೆಳೆದಿದೆ ಅಂದರು. ಅದನ್ನು ತೆಗೆಸಲೇಬೇಕಾ?

ಮಂಜುನಾಥ: ಮೇಡಂ, ಚುಚ್ಚೋದು ಆ ಮೂಳೆಯೇ. ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ ತಗೊಂಡು ಮನೆಯೊಳಗೂ ಹಾಕ್ಕೊಳ್ಳಿ, ಗ್ರಾನೈಟ್ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ಒಂದು ತಿಂಗಳು ಪೂರ್ತಿ ರೆಸ್ಟ್ ಕೊಟ್ಟರೆ ತಾನೇ ಹೋಗುತ್ತೆ.

ಶ್ವೇತಾ, ಫಿಸಿಯೋ: ಚಪ್ಪಲಿ ವಿಷಯ ಸರಿ ಮಂಜುನಾಥ್ ಅವರೇ, ಮೂಳೆ ವಿಷಯವೂ ಪೂರ್ತಿ ರೆಸ್ಟ್ ವಿಷಯವೂ ಅಲ್ಲ. ಅಂಥ ಮೂಳೆ ಇದ್ದೂ ನೋವೇ ಇಲ್ಲದವರು ಎಷ್ಟೋ ಜನ. ನೋವಿದ್ದು ಎಕ್ಸ್‌ರೇಯಲ್ಲಿ ಏನೂ ಕಾಣದವರೂ ಇದ್ದಾರೆ. ತೆಗೆಸುವ ಯೋಚನೆ ಸದ್ಯಕ್ಕೆ ಬಿಡಿ.

ಗೀತಾ ಮೇಡಂ, ಮೊದಲು ಒಂದು ಪರೀಕ್ಷೆ. ಕಾಲ ಬೆರಳುಗಳನ್ನು ಒಂದು ಕೈಯಲ್ಲಿ ಹಿಂದಕ್ಕೆ ಎಳೆದು ಹಿಡಿದರೆ ಅಂಗಾಲಿನಲ್ಲಿ ಹಗ್ಗದಂಥ ನರ ಬಿಗಿಯಾಗುತ್ತೆ. ನರ ಅಂತ ಬಾಯಿಮಾತಿಗೆ ಅಂದೆ, ಅದು ಗಟ್ಟಿ ಪಟ್ಟಿ. ಅದು ಹಿಮ್ಮಡಿಗೆ ಸೇರುವ ಕಡೆ, ಕೆಳಗೆ, ಒಳಬದಿಗೆ ಹೆಬ್ಬೆರಳಿಂದ ಒತ್ತಿ. ಅಲ್ಲೇ ಪ್ರಾಣ ಹೋದ ಹಾಗಾದರೆ ಇದು ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಆ ಪಟ್ಟಿಯದೇ ತೊಂದರೆ, ಇರುವ ಸಾಧ್ಯತೆ ಹೆಚ್ಚು. ನಿದ್ದೆಯಲ್ಲಿ ಪಾದ ಕೆಳಕ್ಕೆ ಬಾಗಿರುತ್ತೆ, ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಬಿಗಿದುಕೊಂಡಿರುತ್ತೆ. ಎದ್ದು ಇಡೀ ಮೈಭಾರ ಹಾಕಿದಾಗ ಒಮ್ಮೆಗೇ ಎಳೆಯುತ್ತೆ. ಕೂತು ಎದ್ದಾಗ ಆಗೋದೂ ಅದೇ.

ಹಾಗಾಗಿ ಚಿಕಿತ್ಸೆ ಶುರುವಾಗಬೇಕಾದ್ದು ಕಾಲು ನೆಲಕ್ಕೆ ತಾಗುವ ಮೊದಲೇ. ಹಾಸಿಗೆಯಲ್ಲೇ ಕೂತು ಬಲ ಪಾದವನ್ನು ಎಡ ತೊಡೆ ಮೇಲಿಟ್ಟು, ಬೆರಳುಗಳ ಬುಡ ಹಿಡಿದು ಮೊಣಕಾಲ ಕಡೆಗೆ ಎಳೆಯಿರಿ. ಹತ್ತು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ. ದಿನಕ್ಕೆ ಮೂರು ಬಾರಿ, ಒಂದು ಬಾರಿ ಕಡ್ಡಾಯವಾಗಿ ಏಳುವ ಮುಂಚೆ. ಜನ ತಪ್ಪೋದು ಇಲ್ಲೇ: ಬಚ್ಚಲಿಗೆ ಹೋಗಿ ಬಂದು ಆಮೇಲೆ ಮಾಡ್ತಾರೆ. ಮಂಚದ ಪಕ್ಕ ಚಪ್ಪಲಿ ಇರಲಿ.

ಪದ್ಮಾವತಿ: ನನಗೂ ಇದೇ ಕಣಮ್ಮ, ಆದರೆ ಹಿಮ್ಮಡಿಯ ಹಿಂದೆ, ಶೂ ಅಂಚು ತಾಗೋ ಕಡೆ ಊದಿದೆ. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಕೆಳಗಿಳಿಸೋ ವ್ಯಾಯಾಮ ಮಾಡಿ ಜಾಸ್ತಿಯಾಯ್ತು.

ಶ್ವೇತಾ, ಫಿಸಿಯೋ: ಅಮ್ಮಾ, ಅದು ಬೇರೆ. ಮೀನಖಂಡದ ಸ್ನಾಯುರಜ್ಜು ಮೂಳೆಗೆ ಸೇರುವ ಜಾಗ ಅದು. ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗಿಳಿದರೆ ಅಲ್ಲಿ ಒತ್ತಡ ಬೀಳುತ್ತೆ. ಅದನ್ನು ನಿಲ್ಲಿಸಿ, ಒಮ್ಮೆ ತೋರಿಸಿ.

ಮಂಜುನಾಥ: ಸರಿ, ರೆಸ್ಟ್ ತಪ್ಪು ಹೇಗೆ?

ಶ್ವೇತಾ, ಫಿಸಿಯೋ: ನಿಂತೇ ಇರೋದು, ಓಡೋದು ಕಡಿಮೆ ಮಾಡೋದು ಒಳ್ಳೇದೇ. ಆದರೆ ಪೂರ್ತಿ ಕೂತರೆ ಪಟ್ಟಿಗೆ ಭಾರ ತಾಳುವ ಶಕ್ತಿ ಬರೋದಿಲ್ಲ, ಶಾಲೆಗೆ ಮರಳಿದ ವಾರಕ್ಕೇ ನೋವು ವಾಪಸ್. ಅದಕ್ಕೆ ಎರಡನೆಯ ವ್ಯಾಯಾಮ. ಟವೆಲ್ ಸುರುಳಿ ಸುತ್ತಿ ಮೆಟ್ಟಿಲ ಮೇಲಿಟ್ಟು, ಬೆರಳುಗಳು ಮೇಲಕ್ಕೆ ಬಾಗುವಂತೆ ಅದರ ಮೇಲಿಡಿ. ಗೋಡೆ ಹಿಡಿದು ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಸಿ. 12 ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಒಂಟಿ ಕಾಲಲ್ಲಿ ಆಗದಿದ್ದರೆ ಎರಡೂ ಕಾಲಲ್ಲಿ. ಎರಡು ವಾರದ ನಂತರ ಪುಸ್ತಕ ತುಂಬಿದ ಬ್ಯಾಗ್ ಹೆಗಲಿಗೆ ಹಾಕಿ 10 ಸಲದ ನಾಲ್ಕು ಸುತ್ತು.

ಮಾಡುವಾಗ ಸ್ವಲ್ಪ ನೋವು ಸಹಜ. ಮಾರನೇ ಬೆಳಗಿನ ಮೊದಲ ಹೆಜ್ಜೆಯೇ ಅಳತೆಗೋಲು. ಅದು ಎಂದಿಗಿಂತ ಜಾಸ್ತಿ ಇದ್ದರೆ ಹಿಂದಿನ ದಿನ ಅತಿಯಾಗಿದೆ, ಅರ್ಧಕ್ಕಿಳಿಸಿ. ಒಂದು ವಾರದಲ್ಲಿ ಫಲ ಹುಡುಕಬೇಡಿ, ತಿಂಗಳುಗಳು ಬೇಕು.

ರಾಜೇಶ್: ಇಂಜೆಕ್ಷನ್ ಒಂದು ಹಾಕಿಸಿದರೆ ಮುಗೀತಲ್ಲ?

ಶ್ವೇತಾ, ಫಿಸಿಯೋ: ಸ್ಟಿರಾಯ್ಡ್ ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತೆ, ಆಮೇಲೆ ಲಾಭ ಕರಗುತ್ತೆ. ಪದೇ ಪದೇ ಹಾಕಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯ ಇದೆ. ನನಗೆ ಅದು ಮೊದಲ ಆಯ್ಕೆ ಅಲ್ಲ. ನಡೆಯೋಕೇ ಆಗದವರಿಗೆ ಒಂದು ಸಲ ಹಾಕುವ ವೈದ್ಯರೂ ಇದ್ದಾರೆ, ಅವರನ್ನು ತಪ್ಪು ಅನ್ನಲ್ಲ.

ಗೀತಾ: ಒತ್ತಿ ನೋಡಿದೆ, ನೀವು ಹೇಳಿದ ಜಾಗವೇ. ಸಕ್ಕರೆ ಕಾಯಿಲೆ ಇದೆ, ಐಸ್ ಬಾಟಲಿ ಮೇಲೆ ಪಾದ ಉರುಳಿಸಬಹುದಾ?

ಶ್ವೇತಾ, ಫಿಸಿಯೋ: ಮೊದಲು ಪಾದದ ಸ್ಪರ್ಶ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿಸಿಕೊಳ್ಳಿ. ಜೋಮು ಇದ್ದರೆ ಐಸ್, ಬಿಸಿ ಎರಡೂ ಬೇಡ, ಸುಟ್ಟರೂ ಗೊತ್ತಾಗೋದಿಲ್ಲ. ಸರಿಯಿದ್ದರೆ ಸಂಜೆ ಹತ್ತು ನಿಮಿಷ, ತೆಳು ಬಟ್ಟೆ ಸುತ್ತಿ. ರಾತ್ರಿ ಮಲಗಿದಾಗಲೂ ನೋವಿದ್ದರೆ, ಉರಿ-ಜುಮ್ಮು ಇದ್ದರೆ, ನಡೆದಷ್ಟೂ ಏರುತ್ತಾ ಹೋದರೆ ಇದೆಲ್ಲ ಬಿಟ್ಟು ವೈದ್ಯರ ಹತ್ತಿರ ಹೋಗಿ.